ರೇಡಿಯೋ ಇದ್ದಕ್ಕಿದ್ದಂತೆ ಗರಗರ ಅಂದರೆ: ಏರಿಯಲ್ಲೋ, ಸೆಲ್ಲೋ, ಕಿಲುಬೋ?

ರಾತ್ರಿ ಮಲಗುವವರೆಗೂ ಚೆನ್ನಾಗಿಯೇ ಹಾಡುತ್ತಿದ್ದ ರೇಡಿಯೋ ಬೆಳಿಗ್ಗೆ ಹಾಕಿದರೆ ಗರಗರ ಅನ್ನುತ್ತದೆ. ಸ್ಟೇಷನ್ ಇದೆ, ಆದರೆ ಮಸುಕು. ನಮ್ಮ ಕೈ ಮೊದಲು ಹೋಗುವುದು ಏರಿಯಲ್ಲಿಗೆ. ಎಳೆಯುತ್ತೇವೆ, ತಿರುಗಿಸುತ್ತೇವೆ, ಕಿಟಕಿ ಹತ್ತಿರ ಇಡುತ್ತೇವೆ. ಅದೂ ಆಗದಿದ್ದರೆ ಹೊಸ ಸೆಲ್ ಹಾಕುತ್ತೇವೆ. ಆಗಲೂ ಸರಿಹೋಗದಿದ್ದರೆ ‘ಸೆಟ್ ಹೋಯ್ತು’ ಅಂತ ಮೂಲೆಗೆ ಇಡುತ್ತೇವೆ. ನಾನೂ ಹೀಗೆ ಒಂದು ಸೆಟ್ಟನ್ನು ಮೂರು ತಿಂಗಳು ಮೂಲೆಗೆ ಇಟ್ಟಿದ್ದೆ. ಕೊನೆಗೆ ಅದರಲ್ಲಿ ಸಿಕ್ಕಿದ್ದು ಕಡಲೆಕಾಳಿನಷ್ಟು ಜಾಗದ ಕಿಲುಬು, ಮತ್ತು ಅರ್ಧ ಸುತ್ತು ಸಡಿಲವಾಗಿದ್ದ ಒಂದು ಸ್ಕ್ರೂ.

ಸುಮ್ನೆ ಅದನ್ನೊಂದು ಇದನ್ನೊಂದು ಬದಲಾಯಿಸುವ ಬದಲು ಒಂದು ಪ್ರಶ್ನೆಗೆ ಮೊದಲು ಉತ್ತರ ಹುಡುಕಬೇಕು. ರೇಡಿಯೋಗೆ ಸಿಗ್ನಲ್ ಸಾಕಾಗುತ್ತಿಲ್ಲವೋ, ಕರೆಂಟ್ ಸಾಕಾಗುತ್ತಿಲ್ಲವೋ? ಎರಡರ ಲಕ್ಷಣವೂ ಬೇರೆ ಬೇರೆ. ಸೆಟ್ ಬಿಚ್ಚುವ ಮೊದಲೇ ಇದನ್ನು ಕಿವಿಯಲ್ಲೇ ಪತ್ತೆ ಮಾಡಬಹುದು.

ಬಿಚ್ಚುವ ಮೊದಲು

ಒಂದು ಸಣ್ಣ ವಿಷಯವನ್ನು ಮೊದಲೇ ನೋಡಿಬಿಡಿ. ಕೆಲವು ಸೆಟ್ಟುಗಳ ಪಕ್ಕದಲ್ಲಿ ‘ಲೋಕಲ್’ ಮತ್ತು ‘ಡಿಎಕ್ಸ್’ ಅಂತ ಬರೆದಿರುವ ಪುಟ್ಟ ಸ್ವಿಚ್ ಇರುತ್ತದೆ. ಹತ್ತಿರದ ಪ್ರಬಲ ಸ್ಟೇಷನ್ ತೀರಾ ಜೋರಾಗಿ ನುಗ್ಗದಿರಲಿ ಅಂತ ಲೋಕಲ್ ಸ್ಥಾನದಲ್ಲಿ ರೇಡಿಯೋ ಬೇಕೆಂದೇ ಕಡಿಮೆ ಸಿಗ್ನಲ್ ಹಿಡಿಯುತ್ತದೆ. ಬ್ಯಾಗಿನಲ್ಲಿಟ್ಟು ತೆಗೆಯುವಾಗಲೋ ಧೂಳು ಒರೆಸುವಾಗಲೋ ಅದು ಜಾರಿದ್ದರೆ ದೂರದ ಸ್ಟೇಷನ್‌ಗಳೆಲ್ಲ ಒಂದೇ ಸಲ ಮಾಯ. ‘ಇದ್ದಕ್ಕಿದ್ದಂತೆ ಹೋಯ್ತು’ ಅನ್ನುವವರು ಮೊದಲು ಈ ಸ್ವಿಚ್ ನೋಡಬೇಕು. ಡಿಎಕ್ಸ್ ಕಡೆ ಇರಲಿ. ಹಾಗೆಯೇ ಹತ್ತಿರದಲ್ಲಿ ಹೊಸದಾಗಿ ಬಂದಿರುವ ಫೋನ್ ಚಾರ್ಜರ್, ಎಲ್‌ಇಡಿ ಬಲ್ಬನ್ನು ಒಂದು ನಿಮಿಷ ಆಫ್ ಮಾಡಿ ನೋಡಿ. ಗರಗರ ನಿಂತರೆ ರೇಡಿಯೋದ ತಪ್ಪಿಲ್ಲ.

ಈಗ ಬ್ಯಾಂಡ್ ಬದಲಾಯಿಸಿ. ಎಫ್‌ಎಂ ಮತ್ತು ಶಾರ್ಟ್ ವೇವ್‌ಗೆ ಹೊರಗಿನ ಎಳೆಯುವ ಏರಿಯಲ್ ಬೇಕು. ಮೀಡಿಯಂ ವೇವ್‌ಗೆ ಅದು ಬೇಡ. ಅದಕ್ಕೆ ಸೆಟ್ಟಿನ ಒಳಗೇ ತಾಮ್ರದ ತಂತಿ ಸುತ್ತಿದ ಒಂದು ಕಪ್ಪು ಫೆರೈಟ್ ಕಡ್ಡಿ ಇರುತ್ತದೆ. ಹೊರಗಿನ ಏರಿಯಲ್ ಮುರಿದು ಕೈಗೇ ಬಂದರೂ ಮೀಡಿಯಂ ವೇವ್ ಎಂದಿನಂತೆಯೇ ಕೇಳಿಸುತ್ತದೆ. ಹಾಗಾಗಿ ಎಫ್‌ಎಂ ಮಾತ್ರ ಕೆಟ್ಟಿದ್ದು ಮೀಡಿಯಂ ವೇವ್ ಚೆನ್ನಾಗಿದ್ದರೆ ಅನುಮಾನ ಏರಿಯಲ್ ಮೇಲೆ. ಎಲ್ಲ ಬ್ಯಾಂಡೂ ಒಟ್ಟಿಗೆ ಕೆಟ್ಟಿದ್ದರೆ ಸೆಲ್ ಅಥವಾ ಅದರ ಕಾಂಟ್ಯಾಕ್ಟ್ ಮೇಲೆ. ಒಂದು ಎಚ್ಚರಿಕೆ ಬೇಕು: ಮೀಡಿಯಂ ವೇವ್‌ನಲ್ಲಿ ಸೆಟ್ ಯಾವ ದಿಕ್ಕಿಗೆ ತಿರುಗಿದೆ ಅನ್ನುವುದರ ಮೇಲೆ ಸದ್ದು ತುಂಬ ಬದಲಾಗುತ್ತದೆ. ಸೆಟ್ಟನ್ನು ಮೇಜಿನ ಮೇಲೆ ನಿಧಾನವಾಗಿ ಕಾಲು ಸುತ್ತು ತಿರುಗಿಸಿ, ಚೆನ್ನಾಗಿ ಕೇಳಿಸುವ ಕಡೆ ನಿಲ್ಲಿಸಿ ಆಮೇಲೆ ತೀರ್ಮಾನ ಮಾಡಿ.

ಎರಡನೆಯದು ವಾಲ್ಯೂಮ್ ಪರೀಕ್ಷೆ. ನನಗೆ ಇದರ ಮೇಲೆ ಜಾಸ್ತಿ ನಂಬಿಕೆ. ಒಂದು ಸ್ಟೇಷನ್ ಹಿಡಿದು ವಾಲ್ಯೂಮ್ ತೀರಾ ಕಡಿಮೆ ಮಾಡಿ, ಸ್ಪೀಕರಿಗೆ ಕಿವಿ ಹತ್ತಿರ ಇಟ್ಟು ಕೇಳಿ. ಆಮೇಲೆ ನಿಧಾನವಾಗಿ ಏರಿಸಿ. ಸಿಗ್ನಲ್ ಕೊರತೆ ಇದ್ದರೆ ‘ಸುಯ್’ ಅನ್ನುವ ಸದ್ದು ಕಡಿಮೆಯಲ್ಲೂ ಇರುತ್ತದೆ, ಜೋರಲ್ಲೂ ಇರುತ್ತದೆ. ಸೆಟ್ಟನ್ನು ಎರಡು ಹೆಜ್ಜೆ ಆಚೆ ಇಟ್ಟರೆ ಬದಲಾಗುತ್ತದೆ. ಕರೆಂಟ್ ಕೊರತೆ ಇದ್ದರೆ ಕಥೆ ಬೇರೆ. ಕಡಿಮೆ ವಾಲ್ಯೂಮಿನಲ್ಲಿ ಸ್ಟೇಷನ್ ಶುದ್ಧವಾಗಿರುತ್ತದೆ. ಏರಿಸುತ್ತಿದ್ದಂತೆ ದನಿ ಒಡೆಯುತ್ತದೆ, ಸ್ಟೇಷನ್ ಜಾರುತ್ತದೆ, ಕೆಲವೊಮ್ಮೆ ‘ಬುಡುಬುಡು’ ಅಂತ ಬಡಿದುಕೊಳ್ಳುತ್ತದೆ. ಸೆಟ್ಟನ್ನು ಎಲ್ಲಿಟ್ಟರೂ ಅಷ್ಟೇ.

ಕಾರಣ ಸರಳ. ರೇಡಿಯೋದಲ್ಲಿ ಹೆಚ್ಚು ಕರೆಂಟ್ ತಿನ್ನುವುದು ಸ್ಪೀಕರ್ ನಡೆಸುವ ಭಾಗ. ಸದ್ದು ಜೋರಾದಷ್ಟೂ ಅದು ಹೆಚ್ಚು ಎಳೆಯುತ್ತದೆ. ಸೆಲ್ ಕಡೆಯಿಂದ ಅಷ್ಟು ಬರದಿದ್ದರೆ ವೋಲ್ಟೇಜ್ ಕುಸಿಯುತ್ತದೆ. ಸ್ಟೇಷನ್ ಹಿಡಿಯುವ ಭಾಗಕ್ಕೂ ಅದೇ ವೋಲ್ಟೇಜ್ ಹೋಗಬೇಕಲ್ವಾ? ಅದು ತಡಬಡಾಯಿಸುತ್ತದೆ. ನಮಗೆ ಅದು ಸಿಗ್ನಲ್ ಸಮಸ್ಯೆಯಂತೆ ಕೇಳಿಸುತ್ತದೆ.

‘ಇದ್ದಕ್ಕಿದ್ದಂತೆ’ ಅನ್ನುವುದಕ್ಕೂ ಇಲ್ಲೇ ಉತ್ತರವಿದೆ. ಕಿಲುಬು ತಿಂಗಳುಗಟ್ಟಲೆ ಬೆಳೆಯುತ್ತದೆ, ಸೆಲ್ ವಾರಗಟ್ಟಲೆ ಇಳಿಯುತ್ತದೆ. ಆದರೆ ಸ್ಟೇಷನ್ ಹಿಡಿಯುವ ಭಾಗ ಒಂದು ಮಿತಿಯವರೆಗೆ ಏನೂ ಆಗದಂತೆ ಕೆಲಸ ಮಾಡುತ್ತಲೇ ಇರುತ್ತದೆ. ಆ ಮಿತಿ ದಾಟಿದ ದಿನ ನಮಗೆ ಗೊತ್ತಾಗುತ್ತದೆ, ಅಷ್ಟೇ.

ಸೆಟ್ಟಿಗೆ ಸರಿಯಾದ ಅಡಾಪ್ಟರ್ ಇದ್ದರೆ ಚುಚ್ಚಿ ನೋಡಿ. ಅಡಾಪ್ಟರಿನಲ್ಲಿ ಚೆನ್ನಾಗಿ ಹಾಡಿ ಸೆಲ್ಲಿನಲ್ಲಿ ಹಾಡದಿದ್ದರೆ ಏರಿಯಲ್ ವಿಚಾರ ಅಲ್ಲಿಗೆ ಮುಗಿಯಿತು.

ಸೆಲ್ ಅಳೆಯುವುದು

ಹೊಸ ಆಲ್ಕಲೈನ್ ಸೆಲ್ಲಿನಲ್ಲಿ 1.5 ವೋಲ್ಟಿಗಿಂತ ಸ್ವಲ್ಪ ಹೆಚ್ಚೇ ಇರುತ್ತದೆ. ಬಹಳ ಜನ ಸೆಲ್ಲನ್ನು ಹೊರಗೆ ತೆಗೆದು ಮೀಟರ್ ಇಟ್ಟು ‘1.4 ಇದೆ, ಪರವಾಗಿಲ್ಲ’ ಅನ್ನುತ್ತಾರೆ. ಈ ಅಳತೆಗೆ ಅರ್ಥ ಕಡಿಮೆ. ಕೆಲಸವಿಲ್ಲದೆ ಕೂತ ಸೆಲ್ ಸುಧಾರಿಸಿಕೊಂಡು ಚೆನ್ನಾಗಿರುವಂತೆ ತೋರಿಸುತ್ತದೆ. ರೇಡಿಯೋ ಹಾಕಿದ ಮೊದಲ ಐದು ನಿಮಿಷ ಸರಿಯಾಗಿ ಹಾಡಿ ಆಮೇಲೆ ಮಂಕಾಗುವುದೂ ಇದೇ ಕಾರಣಕ್ಕೆ.

ಅಳೆಯಬೇಕಾದದ್ದು ರೇಡಿಯೋ ಹಾಡುತ್ತಿರುವಾಗ. ಸೆಲ್ ಮುಚ್ಚಳ ತೆಗೆದು ಸೆಟ್ ಆನ್ ಮಾಡಿ, ಎಫ್‌ಎಂನಲ್ಲಿ ಸ್ಟೇಷನ್ ಇಲ್ಲದ ಜಾಗಕ್ಕೆ ತಿರುಗಿಸಿ, ವಾಲ್ಯೂಮ್ ಮುಕ್ಕಾಲಿಗೆ ಏರಿಸಿ. ಆ ‘ಸುಯ್’ ಸದ್ದು ಕಿವಿಗೆ ಹಿತವಲ್ಲ, ಆದರೆ ಅದು ಒಂದೇ ಸಮ ಇರುತ್ತದೆ. ಮಾತು, ಹಾಡು ಇದ್ದರೆ ಮೀಟರಿನ ಅಂಕಿ ಕುಣಿಯುತ್ತದೆ, ಓದಲು ಆಗುವುದಿಲ್ಲ. ಕೆಲವು ಡಿಜಿಟಲ್ ಸೆಟ್ಟುಗಳು ಖಾಲಿ ಜಾಗದಲ್ಲಿ ಸದ್ದನ್ನೇ ನಿಲ್ಲಿಸುತ್ತವೆ. ಅಂಥದ್ದರಲ್ಲಿ ಒಂದೇ ಸಮ ಮಾತು ಬರುವ ಸ್ಟೇಷನ್ ಹಿಡಿದುಕೊಳ್ಳಿ.

ಈಗ ಒಂದೊಂದೇ ಸೆಲ್ಲಿನ ಎರಡು ತುದಿಗೆ ಮೀಟರಿನ ಪ್ರೋಬ್ ತಾಗಿಸಿ. ಪ್ರತಿ ಸೆಲ್ಲೂ 1.3 ಮೇಲಿದ್ದರೆ ಸೆಲ್ ತಪ್ಪಿಲ್ಲ. 1.1ರ ಹತ್ತಿರ ಇದ್ದರೆ ಮುಗಿಯುತ್ತಾ ಬಂದಿದೆ. 0.9ಕ್ಕೆ ಇಳಿದಿದ್ದರೆ ಖಾಲಿ ಅಂತಲೇ ಲೆಕ್ಕ. ಚಾರ್ಜ್ ಮಾಡುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಆದರೆ ತುಂಬಿದ್ದಾಗಲೂ ಬಹುಪಾಲು ಹೊತ್ತು 1.2ರ ಆಸುಪಾಸಿನಲ್ಲೇ ಇರುತ್ತದೆ. ಅದನ್ನು ನೋಡಿ ಗಾಬರಿ ಬೇಡ.

ನಾಲ್ಕರಲ್ಲಿ ಮೂರು ಚೆನ್ನಾಗಿದ್ದು ಒಂದು ಮಾತ್ರ ಕುಸಿದಿರುವುದು ಮಾಮೂಲಿ. ಆದರೂ ಬದಲಾಯಿಸುವಾಗ ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿ. ಹಳೆಯ ಸೆಲ್ ಖಾಲಿಯಾದ ಮೇಲೂ ಹೊಸವು ಅದರ ಮೂಲಕ ಕರೆಂಟ್ ತಳ್ಳುತ್ತಲೇ ಇರುತ್ತವೆ. ಅಂಥ ಸೆಲ್ಲೇ ಒಳಗೆ ಒತ್ತಡ ಹೆಚ್ಚಿ ಸೋರುವುದು. ಒಂದು ಸೆಲ್ ಉಳಿಸಲು ಹೋಗಿ ಸೆಟ್ಟಿನ ಹೊಟ್ಟೆ ಕೆಡಿಸಿಕೊಂಡಂತೆ ಆಗುತ್ತದೆ.

ಹೊಸ ಸೆಲ್ ಹಾಕಿದರೂ ಹಳೆಯದರಂತೆ ಆಡಿದರೆ

ನನ್ನ ಸೆಟ್ಟಿನ ಕಥೆ ಇಲ್ಲಿಗೆ ಬರುತ್ತದೆ. ಅದು ನಾಲ್ಕು ಸಣ್ಣ ಸೆಲ್ಲಿನದು, ಒಟ್ಟು 6 ವೋಲ್ಟ್. ಹೊಸ ಸೆಲ್ ಹಾಕಿದ್ದೆ, ಒಂದೊಂದೂ 1.58 ತೋರಿಸುತ್ತಿತ್ತು. ಕಡಿಮೆ ವಾಲ್ಯೂಮಿನಲ್ಲಿ ಸುಮಾರಾಗಿ ಹಾಡುತ್ತಿತ್ತು. ಅರ್ಧ ದಾಟಿದರೆ ದನಿ ಒಡೆದು ಸ್ಟೇಷನ್ ಪಕ್ಕಕ್ಕೆ ಜಾರುತ್ತಿತ್ತು. ಸೆಲ್ ಡಬ್ಬಿಯಲ್ಲಿ ನೋಡಿದರೆ ಎಲ್ಲ ಸ್ಪ್ರಿಂಗೂ ಹೊಳೆಯುತ್ತಿದ್ದವು. ಸೆಲ್ ಸರಿ, ಕಾಂಟ್ಯಾಕ್ಟ್ ಸರಿ, ಹಾಗಾದರೆ ಒಳಗೇ ಏನೋ ಹೋಗಿದೆ ಅಂದುಕೊಂಡು ಕೈಬಿಟ್ಟೆ. ಅಲ್ಲೇ ತಪ್ಪಿದ್ದು.

ಮೂರು ತಿಂಗಳ ಮೇಲೆ ಮತ್ತೆ ಕೈಗೆತ್ತಿಕೊಂಡಾಗ ಹಾಡಿಸುತ್ತಲೇ ಅಳೆದೆ. ಪ್ರತಿ ಸೆಲ್ ಮೇಲೆ 1.52, ಅಂದರೆ ಒಟ್ಟು 6.08. ಸರಿ. ಆಮೇಲೆ ಸೆಲ್ ಡಬ್ಬಿಯಿಂದ ಬೋರ್ಡಿಗೆ ಹೋಗುವ ಕೆಂಪು ಮತ್ತು ಕಪ್ಪು ವೈರುಗಳ ಬುಡದಲ್ಲಿ ಅಳೆದರೆ 4.9! ಸೆಲ್ಲಿನಿಂದ ಹೊರಟ 6.08ರಲ್ಲಿ 1.18 ವೋಲ್ಟ್ ದಾರಿಯಲ್ಲೇ ಎಲ್ಲೋ ಬಿದ್ದು ಹೋಗುತ್ತಿತ್ತು.

ಎಲ್ಲಿ ಅಂತ ಹುಡುಕುವ ವಿಧಾನ ಚೆನ್ನಾಗಿದೆ, ಬಿಡಿಸಿ ಹೇಳುತ್ತೇನೆ. ಒಂದು ಸೆಲ್ಲಿನ ಚಪ್ಪಟೆ ತಳದ ಅಂಚಿಗೆ ಒಂದು ಪ್ರೋಬ್ ಇಡಿ. ಅದು ಯಾವ ಸೆಲ್ಲಿಗೆ ಸೇರುತ್ತದೋ ಆ ಪಕ್ಕದ ಸೆಲ್ಲಿನ ಮೊಗ್ಗಿನಂಥ ತುದಿಗೆ ಇನ್ನೊಂದು ಪ್ರೋಬ್ ಇಡಿ. ಸ್ಪ್ರಿಂಗ್‌ಗೆ ತಾಗಿಸಬೇಡಿ, ಸೆಲ್ಲಿನ ಲೋಹಕ್ಕೇ ತಾಗಿಸಿ. ಇವೆರಡರ ನಡುವೆ ಇರುವುದು ಸ್ಪ್ರಿಂಗ್ ಮತ್ತು ಒಂದು ತಗಡು ಮಾತ್ರ. ಎಲ್ಲ ಸರಿಯಿದ್ದರೆ ಸೊನ್ನೆಯ ಹತ್ತಿರ ಬರಬೇಕು, 0.02 ಅಥವಾ 0.03. ಮೊದಲ ಮತ್ತು ಕೊನೆಯ ಸೆಲ್ಲಿಗೆ ಇದನ್ನೇ ಸೆಲ್ಲಿನ ತುದಿಗೂ ವೈರ್ ಬೆಸುಗೆ ಹಾಕಿದ ಜಾಗಕ್ಕೂ ನಡುವೆ ಮಾಡಿ. 0.1ಕ್ಕಿಂತ ಹೆಚ್ಚು ಬಂದ ಜಾಗವೇ ಕಳ್ಳ.

ನನಗೆ ಎರಡನೆಯ ಮತ್ತು ಮೂರನೆಯ ಸೆಲ್ಲಿನ ನಡುವೆ 1.05 ಬಂತು. ಸೆಟ್ ಆಗ ಎಳೆಯುತ್ತಿದ್ದುದು ಸುಮಾರು 100 ಮಿಲಿ ಆಂಪಿಯರ್. ಹಾಗಾದರೆ ಆ ಒಂದು ಜಾಗದಲ್ಲಿ ಹತ್ತು ಓಮ್‌ನಷ್ಟು ತಡೆ ಕೂತಿತ್ತು. ಕಡಿಮೆ ವಾಲ್ಯೂಮಿನಲ್ಲಿ ಸೆಟ್ ಕಾಲು ಭಾಗ ಕರೆಂಟ್ ಮಾತ್ರ ಎಳೆಯುತ್ತದೆ, ಆಗ ಕಳೆದುಹೋಗುವುದೂ ಕಾಲು ವೋಲ್ಟ್. ಅದಕ್ಕೇ ಮೆತ್ತಗೆ ಹಾಡಿದಾಗ ಏನೂ ಆಗುತ್ತಿರಲಿಲ್ಲ.

ಮೀಟರ್ ಇಲ್ಲದವರಿಗೂ ದಾರಿ ಇದೆ. ರೇಡಿಯೋ ಜೋರಾಗಿ ಹಾಡುತ್ತಿರುವಾಗ ಒಂದೊಂದೇ ಸೆಲ್ಲನ್ನು ಹೆಬ್ಬೆರಳಿನಿಂದ ಇದ್ದಲ್ಲೇ ಉರುಳಿಸಿ, ತುದಿಯ ಕಡೆಗೆ ಒತ್ತಿ. ಯಾವುದನ್ನು ಮುಟ್ಟಿದಾಗ ಸದ್ದು ಫಕ್ಕನೆ ಚೇತರಿಸಿಕೊಳ್ಳುತ್ತದೋ ಅಥವಾ ಕರಕರ ಅನ್ನುತ್ತದೋ ಅಲ್ಲೇ ತೊಂದರೆ.

ಕಿಲುಬು ತೆಗೆಯುವುದು

ಆ ಸ್ಪ್ರಿಂಗ್ ಮೇಲಿನಿಂದ ಹೊಳೆಯುತ್ತಿತ್ತು ಅಂದೆನಲ್ಲ. ಸೆಲ್ ತೆಗೆದು, ಟಾರ್ಚ್ ಹಿಡಿದು, ಸ್ಪ್ರಿಂಗ್‌ನ ಕೊನೆಯ ಸುತ್ತನ್ನು ಪಕ್ಕಕ್ಕೆ ಸರಿಸಿ ನೋಡಿದೆ. ಸ್ಪ್ರಿಂಗ್ ತಗಡಿಗೆ ಕೂರುವ ಬುಡದಲ್ಲಿ ಹಸಿರು ನೀಲಿ ಬಣ್ಣದ ಹಿಟ್ಟು. ಅದರ ಅಂಚಿನಲ್ಲಿ ಉಪ್ಪಿನ ಹರಳಿನಂಥ ಬಿಳಿ ಪದರ. ಸೆಲ್ ತಾಗುವ ತುದಿ ಪಳಪಳ, ಬುಡ ಮಾತ್ರ ಕೊಳೆತಿತ್ತು. ಎಂದೋ ಸೋರಿದ ಸೆಲ್ಲಿನ ರಸ ಕೆಳಗಿಳಿದು ಅಲ್ಲಿ ನಿಂತಿತ್ತು.

ಬಣ್ಣ ನೋಡಿದರೆ ಏನಾಗಿದೆ ಅಂತ ಊಹಿಸಬಹುದು. ಬಿಳಿ ಹರಳು ಆಲ್ಕಲೈನ್ ಸೆಲ್ ಸೋರಿದ್ದರ ಗುರುತು. ಒಳಗಿನ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹೊರಬಂದು ಗಾಳಿ ತಾಗಿ ಪೊಟ್ಯಾಸಿಯಂ ಕಾರ್ಬೊನೇಟ್ ಆಗಿ ಗಟ್ಟಿಯಾಗಿರುತ್ತದೆ. ಹಸಿರು ನೀಲಿ ಅಂದರೆ ತಗಡಿನ ತಾಮ್ರ ಅಥವಾ ಹಿತ್ತಾಳೆ ಕಿಲುಬು ಹಿಡಿದಿದೆ. ಕಂದು ಕೆಂಪು ಅಂದರೆ ಮೇಲಿನ ನಿಕಲ್ ಲೇಪ ಹೋಗಿ ಒಳಗಿನ ಕಬ್ಬಿಣ ತುಕ್ಕು ಹಿಡಿದಿದೆ.

ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಇದು ಸುಮ್ನೆ ಹೇಳುವ ಮಾತಲ್ಲ, ಸೆಲ್ಲಿನ ರಸ ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ಅಪಾಯ. ಅಡಾಪ್ಟರ್ ಅಥವಾ ಪ್ಲಗ್ ಕಿತ್ತಿಟ್ಟಿರಿ. ಮೊದಲು ಒಣ ಹಲ್ಲುಜ್ಜುವ ಬ್ರಷ್‌ನಿಂದ ಹಿಟ್ಟನ್ನು ಕೆರೆದು ಉದುರಿಸಿ. ಸೆಟ್ಟನ್ನು ಡಬ್ಬಿ ಕೆಳಮುಖವಾಗಿ ಹಿಡಿದೇ ಕೆರೆಯಿರಿ, ಇಲ್ಲದಿದ್ದರೆ ಹಿಟ್ಟು ಒಳಗೆ ಹೋಗುತ್ತದೆ. ಬಾಯಿಂದ ಊದಬೇಡಿ.

ಆಮೇಲೆ ಹತ್ತಿಕಡ್ಡಿಯನ್ನು ಬಿಳಿ ವಿನೆಗರಿನಲ್ಲಿ ಅದ್ದಿ, ಅಂಚಿಗೆ ಒತ್ತಿ ಹೆಚ್ಚಿನದನ್ನು ಹಿಂಡಿ, ಆ ಜಾಗಕ್ಕೆ ಒತ್ತಿ ಹಿಡಿಯಿರಿ. ನಿಂಬೆ ರಸವೂ ಆಗುತ್ತದೆ. ಬಿಳಿ ಹರಳಿದ್ದ ಕಡೆ ಸಣ್ಣಗೆ ನೊರೆ ಏಳುತ್ತದೆ, ಕಿವಿ ಹತ್ತಿರ ತಂದರೆ ಚಿರ್ ಅನ್ನುವುದೂ ಕೇಳಿಸಬಹುದು. ಕಡ್ಡಿಯ ತುದಿ ಹಸಿರಾಗುತ್ತದೆ. ಕಡ್ಡಿ ಬದಲಾಯಿಸಿ, ನೊರೆ ನಿಲ್ಲುವವರೆಗೆ ಮಾಡಿ. ನನಗೆ ಏಳು ಕಡ್ಡಿ ಬೇಕಾದವು. ಬಾಟಲಿಯಿಂದ ಸುರಿಯಲು ಮಾತ್ರ ಹೋಗಬೇಡಿ, ಹನಿ ಒಳಗಿಳಿದು ಬೋರ್ಡಿನ ಮೇಲೆ ಕೂತರೆ ಹೊಸ ಕಿಲುಬು ನಾವೇ ಬಿತ್ತಿದಂತೆ. ಸೋರಿದ್ದು ಹಳೆಯ ಬಗೆಯ ಜಿಂಕ್ ಕಾರ್ಬನ್ ಸೆಲ್ ಆಗಿದ್ದರೆ ಅದರ ರಸ ಹುಳಿ ಸ್ವಭಾವದ್ದು. ಅದಕ್ಕೆ ವಿನೆಗರಿನ ಬದಲು ಅಡುಗೆ ಸೋಡಾವನ್ನು ನೀರಲ್ಲಿ ಕಲಸಿ ಹಚ್ಚಿ ಒರೆಸಬೇಕು.

ವಿನೆಗರನ್ನು ಹಾಗೇ ಬಿಡುವುದು ತುಂಬ ಜನ ಮಾಡುವ ತಪ್ಪು. ಅದೂ ಹುಳಿಯೇ, ಬಿಟ್ಟರೆ ಅದೇ ಲೋಹವನ್ನು ತಿನ್ನುತ್ತದೆ. ನೀರಿನಲ್ಲಿ ನೆನೆಸಿ ಹಿಂಡಿದ ಕಡ್ಡಿಯಿಂದ ಎರಡು ಸಲ ಒರೆಸಿ, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಕಡ್ಡಿಯಿಂದ ಒಂದು ಸಲ. ಮುಚ್ಚಳ ತೆಗೆದೇ ಕೆಲವು ಗಂಟೆ ಒಣಗಲು ಬಿಡಿ.

ಇನ್ನೂ ಕಪ್ಪು ಕಲೆ ಉಳಿದಿದ್ದರೆ ಪೆನ್ಸಿಲ್ ಅಳಿಸುವ ರಬ್ಬರಿನ ತುಂಡಿನಿಂದ ಉಜ್ಜಿ. ಉಪ್ಪುಕಾಗದ ಹಿಡಿದು ಗಸಗಸ ಉಜ್ಜುವುದು ನನಗೆ ಇಷ್ಟವಿಲ್ಲ. ಆ ದಿನ ಹೊಳೆಯುತ್ತದೆ ನಿಜ, ಆದರೆ ನಿಕಲ್ ಲೇಪವೂ ಹೋಗುತ್ತದೆ, ಮುಂದಿನ ಮಳೆಗಾಲಕ್ಕೆ ಕೆಂಪು ತುಕ್ಕು ಗ್ಯಾರಂಟಿ. ಲೇಪ ಆಗಲೇ ಹೋಗಿ ತುಕ್ಕು ಕೂತಿದ್ದರೆ ಮಾತ್ರ ನಯವಾದ ಕಾಗದದಿಂದ ತಾಗುವ ಜಾಗವನ್ನಷ್ಟೇ ಕೆರೆಯಿರಿ.

ಸ್ಪ್ರಿಂಗ್ ಮಲಗಿಬಿಟ್ಟಿದ್ದರೆ ಮೂಗುಚೂಪಾದ ಇಕ್ಕಳದಿಂದ ಎರಡು ಮೂರು ಮಿಲಿಮೀಟರ್ ಮೇಲಕ್ಕೆ ಎಳೆಯಿರಿ. ಕೊನೆಗೆ ಪೆಟ್ರೋಲಿಯಂ ಜೆಲ್ಲಿಯನ್ನು ಕಂಡೂ ಕಾಣದಷ್ಟು ತೆಳ್ಳಗೆ ಸವರಿ. ಅದು ಕರೆಂಟ್ ಹರಿಸುವುದಿಲ್ಲ, ತೇವ ತಡೆಯುತ್ತದೆ ಅಷ್ಟೇ. ಸ್ಪ್ರಿಂಗ್‌ನ ಒತ್ತಡಕ್ಕೆ ತಾಗುವ ಜಾಗದಿಂದ ಅದು ತಾನೇ ಸರಿಯುತ್ತದೆ.

ಮತ್ತೆ ಸೆಲ್ ಹಾಕಿ ಅದೇ ‘ಸುಯ್’ ಸದ್ದಿನಲ್ಲಿ ಅಳೆದಾಗ 1.05 ಇದ್ದ ಕಡೆ 0.02 ಬಂತು. ಬೋರ್ಡಿನ ಬಳಿ 5.9. ಮೀಡಿಯಂ ವೇವ್ ಪೂರ್ತಿ ವಾಲ್ಯೂಮಿನಲ್ಲೂ ನಡುಗಲಿಲ್ಲ.

ಒಂದು ಮಾತು ಬಿಟ್ಟುಹೋಯಿತು. ಕಾಂಟ್ಯಾಕ್ಟುಗಳೆಲ್ಲ ಸರಿ ಇದ್ದೂ ಬೋರ್ಡಿನಲ್ಲಿ ವೋಲ್ಟೇಜ್ ಕಡಿಮೆ ಇದ್ದರೆ ಅಡಾಪ್ಟರ್ ಚುಚ್ಚುವ ತೂತನ್ನು ಅನುಮಾನಿಸಿ. ಪಿನ್ ಒಳಗೆ ಹೋದಾಗ ಸೆಲ್ಲಿನ ದಾರಿ ಕಡಿಯುವ ಪುಟ್ಟ ಎಲೆಯಂಥ ತಗಡು ಬಹಳಷ್ಟು ಸೆಟ್ಟುಗಳಲ್ಲಿ ಅಲ್ಲಿರುತ್ತದೆ. ಪಿನ್ ತೆಗೆದ ಮೇಲೆ ಅದು ಸರಿಯಾಗಿ ಮರಳಿ ಕೂರದಿದ್ದರೆ ಸೆಲ್ ಕರೆಂಟ್ ಅರೆಬರೆ ಹೋಗುತ್ತದೆ. ಸೆಲ್ ತೆಗೆದು, ಅಡಾಪ್ಟರಿನ ಪಿನ್ನನ್ನು ಗೋಡೆಗೆ ಹಾಕದೆ ಹತ್ತು ಸಲ ಚುಚ್ಚಿ ತೆಗೆದರೆ ಎಷ್ಟೋ ಸಲ ಸರಿಹೋಗುತ್ತದೆ.

ಇನ್ನು ಏರಿಯಲ್

ಮೀಡಿಯಂ ವೇವ್ ಸರಿಹೋದರೂ ನನ್ನ ಸೆಟ್ಟಿನ ಎಫ್‌ಎಂನಲ್ಲಿ ‘ಸುಯ್’ ಉಳಿದೇ ಇತ್ತು. ಮೇಲೆ ಹೇಳಿದ ಬ್ಯಾಂಡ್ ಲೆಕ್ಕ ಇಲ್ಲಿ ಕೆಲಸಕ್ಕೆ ಬಂತು. ಕರೆಂಟ್ ಈಗ ಸರಿ, ಮೀಡಿಯಂ ವೇವ್ ಸರಿ, ಉಳಿದದ್ದು ಎಳೆಯುವ ಕಡ್ಡಿ ಒಂದೇ.

ಎಲ್ಲ ತುಂಡುಗಳನ್ನೂ ಪೂರ್ತಿ ಎಳೆಯಿರಿ. ಎಫ್‌ಎಂ ಅಲೆಯ ಉದ್ದ ಸುಮಾರು 3 ಮೀಟರ್. ಅದರ ಕಾಲು ಭಾಗ, ಅಂದರೆ 75 ಸೆಂಟಿಮೀಟರ್ ಹತ್ತಿರ ಇದ್ದರೆ ಏರಿಯಲ್ ಚೆನ್ನಾಗಿ ಹಿಡಿಯುತ್ತದೆ. ಮೇಲಿನ ಎರಡು ತುಂಡು ಮುರಿದಿದ್ದರೆ ನಷ್ಟ ಗೊತ್ತಾಗಿಯೇ ಆಗುತ್ತದೆ. ಆಮೇಲೆ ಸೆಟ್ ಹಾಡುತ್ತಿರುವಾಗ ಕಡ್ಡಿಯ ಬುಡ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಕರಕರ ಅಂದರೆ ಬುಡ ಸಡಿಲ. ಒಂದೊಂದು ತುಂಡನ್ನೂ ತಿರುಚಿ ನೋಡಿ. ಅಲ್ಲಿ ಕರಕರ ಅಂದರೆ ತುಂಡುಗಳ ನಡುವೆ ಕೊಳೆ. ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ ಹತ್ತು ಸಲ ಎಳೆದು ಮುಚ್ಚಿದರೆ ಸಾಕು. ಎಣ್ಣೆ ಹಾಕಬೇಡಿ, ಅದಕ್ಕೆ ಧೂಳು ಅಂಟಿ ಇನ್ನೂ ಕೆಡುತ್ತದೆ.

ಏನೂ ಕರಕರ ಇಲ್ಲದಿದ್ದರೆ ಕಡ್ಡಿಯನ್ನು ಬೆರಳಿನಿಂದ ಮುಟ್ಟಿ. ಒಳಗಿನ ಸಂಪರ್ಕ ಸರಿ ಇದ್ದರೆ ಸದ್ದಿನಲ್ಲಿ ಏನಾದರೂ ಬದಲಾವಣೆ ಆಗಲೇಬೇಕು, ಮೇಲಾದರೂ ಸರಿ, ಕೆಳಗಾದರೂ ಸರಿ. ಮುಟ್ಟಿದರೂ ಬಿಟ್ಟರೂ ಒಂದೇ ಅಂದರೆ ಕಡ್ಡಿ ಬರೀ ಅಲಂಕಾರಕ್ಕೆ ನಿಂತಿದೆ, ಒಳಗೆ ಎಲ್ಲೂ ಸೇರಿಲ್ಲ. ನನ್ನದರಲ್ಲಿ ಆದದ್ದು ಇದೇ.

ಸೆಲ್ ತೆಗೆದು ಹಿಂಬದಿಯ ಸ್ಕ್ರೂಗಳನ್ನು ಬಿಚ್ಚಿ. ಕೆಲವೊಂದು ಸೆಲ್ ಡಬ್ಬಿಯ ಒಳಗೂ ಅಡಗಿರುತ್ತವೆ, ಮುಚ್ಚಳ ಬರದಿದ್ದರೆ ಬಲ ಹಾಕಬೇಡಿ. ತೆರೆಯುವಾಗ ಆ ಕಪ್ಪು ಫೆರೈಟ್ ಕಡ್ಡಿಯ ಬಗ್ಗೆ ಜೋಪಾನ. ಅದು ಬಳಪದಂತೆ ಪಟ್ಟನೆ ಮುರಿಯುತ್ತದೆ, ಮುರಿದರೆ ಮೀಡಿಯಂ ವೇವ್ ಹೋದಂತೆಯೇ. ಏರಿಯಲ್ಲಿನ ಬುಡದಲ್ಲಿ ಒಂದು ಸ್ಕ್ರೂ, ಅದರ ಕೆಳಗೆ ಉಂಗುರದಂಥ ಒಂದು ತಗಡು, ಅದಕ್ಕೆ ಬೆಸುಗೆ ಹಾಕಿದ ಒಂದೇ ಒಂದು ವೈರ್ ಕಾಣುತ್ತದೆ. ಏರಿಯಲ್ಲನ್ನು ದಿನಾ ತಿರುಗಿಸಿ ತಿರುಗಿಸಿ ಆ ಸ್ಕ್ರೂ ಸಡಿಲವಾಗುತ್ತದೆ, ಇಲ್ಲವೇ ವೈರ್ ಬೆಸುಗೆಯ ಅಂಚಿನಲ್ಲಿ ತುಂಡಾಗುತ್ತದೆ. ನನ್ನ ಸೆಟ್ಟಿನಲ್ಲಿ ವೈರ್ ಗಟ್ಟಿಯಾಗಿತ್ತು, ತಗಡು ಮಾತ್ರ ಉಂಗುರ ತಿರುಗಿದ ಹಾಗೆ ತಿರುಗುತ್ತಿತ್ತು. ಸ್ಕ್ರೂ ಅರ್ಧ ಸುತ್ತು ಬಿಗಿ ಮಾಡಿದೆ. ಮೀಟರನ್ನು ಓಮ್‌ಗೆ ಇಟ್ಟು ಕಡ್ಡಿಯ ತುದಿಯಿಂದ ವೈರಿನ ಬೆಸುಗೆಯವರೆಗೆ ಅಳೆದರೆ ಒಂದು ಓಮ್‌ಗಿಂತ ಕಡಿಮೆ. ತೀರಾ ಬಿಗಿ ಮಾಡಿದರೆ ಪ್ಲಾಸ್ಟಿಕ್ ಸೀಳುತ್ತದೆ, ಏರಿಯಲ್ ತುಸು ಬಿಗುವಿನಿಂದ ತಿರುಗುವಷ್ಟು ಸಾಕು.

ಕಡ್ಡಿಯೇ ಮುರಿದಿದ್ದು ಹೊಸದು ಸಿಗುವವರೆಗೆ ತಡೆಯಬೇಕಿದ್ದರೆ ಮುಕ್ಕಾಲು ಮೀಟರ್ ಸಾದಾ ವೈರಿನ ತುದಿ ಸುಲಿದು ಉಳಿದ ಮೋಟು ಕಡ್ಡಿಗೆ ಸುತ್ತಿ, ಇನ್ನೊಂದು ತುದಿಯನ್ನು ಎತ್ತರದಲ್ಲಿ ಇಳಿಬಿಡಿ. ನೋಡಲು ಚೆನ್ನಾಗಿರುವುದಿಲ್ಲ, ಕೇಳಲು ಚೆನ್ನಾಗಿರುತ್ತದೆ. ಗುಡುಗು ಮಿಂಚಿನ ಹೊತ್ತಿನಲ್ಲಿ ಅಂಥ ವೈರನ್ನು ಕಿಟಕಿಯ ಹೊರಗೆ ಬಿಡಬೇಡಿ.

ಇಷ್ಟೆಲ್ಲ ಆದ ಮೇಲೂ ಬೋರ್ಡಿನಲ್ಲಿ ವೋಲ್ಟೇಜ್ ಸರಿಯಿದ್ದು, ಏರಿಯಲ್ ವೈರ್ ಸರಿಯಿದ್ದು ಸ್ಟೇಷನ್ ಮಂಕಾಗಿಯೇ ಇದ್ದರೆ ಬ್ಯಾಂಡ್ ಸ್ವಿಚ್ಚನ್ನು ಇಪ್ಪತ್ತು ಸಲ ಆಚೀಚೆ ಆಡಿಸಿ ನೋಡಿ, ಅದರೊಳಗೂ ಕೊಳೆ ಕೂರುತ್ತದೆ. ಅದಕ್ಕೂ ಬಗ್ಗದಿದ್ದರೆ ತೊಂದರೆ ಬೋರ್ಡಿನಲ್ಲಿದೆ. ಅಲ್ಲಿ ಪುಟ್ಟ ಲೋಹದ ಡಬ್ಬಿಗಳ ತೂತಿನಲ್ಲಿ ಸ್ಕ್ರೂ ತಲೆಯಂತೆ ಕಾಣುವ ಬಣ್ಣದ ಕೋರ್‌ಗಳನ್ನು ಸ್ಕ್ರೂಡ್ರೈವರಿನಿಂದ ತಿರುಗಿಸಲು ಮಾತ್ರ ಹೋಗಬೇಡಿ. ಅವು ಕಾರ್ಖಾನೆಯಲ್ಲಿ ಅಳತೆ ನೋಡಿ ಕೂರಿಸಿದವು, ಒಮ್ಮೆ ತಿರುಗಿಸಿದರೆ ರಿಪೇರಿ ಮಾಡುವವರ ಕೆಲಸವೂ ಎರಡರಷ್ಟಾಗುತ್ತದೆ.